ಕಣ್ಣು ಮುಚ್ಚಿದರೂ ಓಡುವ ಕೋಡ್

ಕನಸಲ್ಲೂ ಕೋಡ್ ಬರ್ತಿದೆ ಅಂದರೆ ನಮ್ಮಲ್ಲಿ ಎರಡೇ ಪ್ರತಿಕ್ರಿಯೆ. "ಎಷ್ಟು ಡೆಡಿಕೇಶನ್ ನೋಡಿ" ಅನ್ನುವವರು ಕೆಲವರು, "ಸ್ಟ್ರೆಸ್ ಜಾಸ್ತಿಯಾಗಿದೆ, ರಜೆ ಹಾಕು" ಅನ್ನುವವರು ಉಳಿದವರು. ನನ್ನ ಪ್ರಕಾರ ಇಬ್ಬರೂ ಒಂದು ಮುಖ್ಯ ಪ್ರಶ್ನೆ ಕೇಳುವುದಿಲ್ಲ: ಅದು ಬಂದದ್ದು ಎಷ್ಟು ಹೊತ್ತಿಗೆ? ನಿದ್ದೆ ಹತ್ತುವಾಗಲೋ, ಬೆಳಗಿನ ಜಾವವೋ?

ನಿದ್ದೆ ಹತ್ತುವ ಹೊತ್ತಿನದನ್ನೇ ಮೊದಲು ನೋಡೋಣ. ಹಾರ್ವರ್ಡ್‌ನ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು 2000ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 27 ಜನರಿಗೆ ಮೂರು ದಿನಗಳಲ್ಲಿ ಒಟ್ಟು 7 ಗಂಟೆ, ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟ ಆಡಿಸಿ, ರಾತ್ರಿ ಜೊಂಪು ಹತ್ತುತ್ತಿದ್ದಂತೆ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದರು. 17 ಜನ ಹೇಳಿದ್ದು ಒಂದೇ: ಮೇಲಿನಿಂದ ತುಂಡುಗಳು ಬೀಳುತ್ತಿವೆ. ಆಡಿದ ಕೋಣೆ, ಕುರ್ಚಿ, ಕೀಬೋರ್ಡ್ ಯಾವುದೂ ಬರಲಿಲ್ಲ, ಬರೀ ತುಂಡುಗಳು. ಆ 27 ಜನರಲ್ಲಿ ಐವರಿಗೆ, ಹೊಸ ನೆನಪು ಕಟ್ಟುವ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್ ಹಾಳಾಗಿ ಹೊಸ ನೆನಪು ನಿಲ್ಲುತ್ತಿರಲಿಲ್ಲ. ಆಟ ಆಡಿದ್ದೇ ನೆನಪಿರದ ಆ ಐವರಲ್ಲೂ ಮೂವರಿಗೆ ತುಂಡುಗಳು ಕಂಡವು!

ಅಂದರೆ ಈ ಹೊತ್ತಿನಲ್ಲಿ ಮರಳಿ ಬರುವುದು ದಿನದ ಘಟನೆಯಲ್ಲ. ಗಂಟೆಗಟ್ಟಲೆ ಒಂದೇ ಬಗೆಯ ಆಕಾರವನ್ನು ನೋಡಿ ನೋಡಿ ಮಿದುಳಿನ ಹೊರಪದರದಲ್ಲಿ ಬಿದ್ದ ಅಚ್ಚು ಅದು. ರಾತ್ರಿ ಕೋಡ್ ರಿವ್ಯೂ ಮಾಡಿದವರಿಗೆ ಕೆಂಪು-ಹಸಿರು ಸಾಲುಗಳು ಜಾರುವುದು, ಎಕ್ಸೆಲ್ ಮಾಡಿದವರಿಗೆ ಚೌಕಗಳು ತೇಲುವುದು ಇದೇ ಕಾರಣಕ್ಕೆ. ಕೆಲಸ ಇಷ್ಟವೋ ಕಷ್ಟವೋ ಎಂಬುದಕ್ಕೂ ಇದಕ್ಕೂ ಹೆಚ್ಚು ಸಂಬಂಧವಿಲ್ಲ. ಹೊಸ ಟೂಲ್ ಕಲಿಯುವ ವಾರ ಇದು ಜಾಸ್ತಿಯಾದರೆ ಗಾಬರಿಪಡಬೇಕಿಲ್ಲ.

ಬೆಳಗಿನ ಜಾವದ ಕನಸು ಬೇರೆಯೇ ಸರಕು. ಆಗ ರೆಮ್ ನಿದ್ದೆಯ, ಅಂದರೆ ಕಣ್ಣುಗುಡ್ಡೆ ಸರಸರ ಓಡಾಡುವ, ಕನಸು ಗಾಢವಾಗುವ ನಿದ್ದೆಯ ಪಾಲು ಹೆಚ್ಚು. ಭಯ, ಆತಂಕಗಳನ್ನು ನಿಭಾಯಿಸುವ ಅಮಿಗ್ಡಲಾ ಚುರುಕಾಗಿರುತ್ತದೆ. ತರ್ಕ ಮಾಡುವ ಹಣೆಯ ಹಿಂದಿನ ಭಾಗ ಮಂಕಾಗಿರುತ್ತದೆ. ಹಾಗಾಗಿ ಆಫೀಸು ಇದ್ದದ್ದು ಇದ್ದಂತೆ ಬರುವುದಿಲ್ಲ. ಮೇಲ್ ತಪ್ಪು ವ್ಯಕ್ತಿಗೆ ಹೋಗಿರುತ್ತದೆ, ಓದಲು ಹೋದರೆ ಅಕ್ಷರ ಬದಲಾಗುತ್ತದೆ, ಮ್ಯಾನೇಜರ್ ಜಾಗದಲ್ಲಿ ಹೈಸ್ಕೂಲು ಮೇಷ್ಟ್ರು ಕೂತಿರುತ್ತಾರೆ. ಎಚ್ಚರದ ಘಟನೆಯೊಂದು ಹಾಗೇ ಮರುಕಳಿಸುವ ಕನಸುಗಳು ನೂರಕ್ಕೆ ಒಂದೆರಡು ಮಾತ್ರ. ಕನಸಲ್ಲಿ ಸಿಕ್ಕ ಬಗ್‌ನ ಪರಿಹಾರ ಬೆಳಿಗ್ಗೆ ಸಾಮಾನ್ಯವಾಗಿ ಕೈಕೊಡುವುದೂ ಇದಕ್ಕೇ.

ಈಗ ನಮ್ಮ ಬೆಂಗಳೂರಿನ ಮಾಮೂಲಿ ರಾತ್ರಿಯೊಂದನ್ನು ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದ ಬೆಳಿಗ್ಗೆ 9 ಅಂದರೆ ನಮಗೆ ರಾತ್ರಿ 9:30, ಅವರ ಚಳಿಗಾಲದಲ್ಲಿ 10:30. ಕಾಲ್ ಮುಗಿಸಿ, ಇನ್ನೊಂದಿಷ್ಟು ಕೋಡ್ ನೋಡಿ, 11:45ಕ್ಕೆ ಲ್ಯಾಪ್‌ಟಾಪ್ ಮುಚ್ಚಿ, 12ಕ್ಕೆ ಹಾಸಿಗೆ. ಇಲ್ಲಿ ಎರಡು ತೊಂದರೆ ಒಟ್ಟಿಗಿವೆ: ಕಣ್ಣಿಗೆ ಹತ್ತಿದ ಅಚ್ಚು, ಅರ್ಧಕ್ಕೆ ಬಿಟ್ಟ ಕೆಲಸ. ಮದ್ದೂ ಬೇರೆ ಬೇರೆ.

ಅಚ್ಚಿಗೆ ಬೇಕಾದ್ದು ಬೇರೆ ನೋಟ ಮತ್ತು ಕೈಗೆ ಬೇರೆ ಕೆಲಸ. ಮಲಗುವ ಮುಂಚೆ ಅರ್ಧ-ಮುಕ್ಕಾಲು ಗಂಟೆ ಪಾತ್ರೆ ತೊಳೆಯಿರಿ, ಬಟ್ಟೆ ಮಡಚಿ, ನಾಳೆಗೆ ಸೊಪ್ಪು ಸೋಸಿಡಿ. ಇದಕ್ಕೆ ಪ್ರಯೋಗದ ಪುರಾವೆ ಇಲ್ಲ, ನನ್ನ ಶಿಫಾರಸು ಅಷ್ಟೇ. ಆದರೆ ಲ್ಯಾಪ್‌ಟಾಪ್ ಬಿಟ್ಟು ಫೋನಿನಲ್ಲಿ ಸ್ಲ್ಯಾಕ್ ಸ್ಕ್ರೋಲ್ ಮಾಡಿದರೆ ಬದಲಾದದ್ದು ಪರದೆಯ ಅಳತೆ ಮಾತ್ರ.

ಅರ್ಧ ಕೆಲಸದ ವಿಷಯದಲ್ಲಿ ಪುರಾವೆ ಇದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 57 ಯುವಕ ಯುವತಿಯರು ಮಲಗುವ ಮುನ್ನ 5 ನಿಮಿಷ ಬರೆದರು. ಕೆಲವರು ಮುಗಿಸಿದ ಕೆಲಸಗಳನ್ನು, ಕೆಲವರು ಮುಂದೆ ಮಾಡಬೇಕಾದವನ್ನು. ಎರಡನೆಯವರು ಸುಮಾರು 9 ನಿಮಿಷ ಬೇಗ ನಿದ್ದೆಹೋದರು, ಪಟ್ಟಿ ವಿವರವಾದಷ್ಟೂ ಇನ್ನೂ ಬೇಗ. ಜನ ಎಡವುವುದು ಇಲ್ಲೇ. "ಪೇಮೆಂಟ್ ಬಗ್ ನೋಡುವುದು" ಎಂದು ಬರೆದರೆ ಚಿಂತೆಗೆ ಹೆಸರಿಟ್ಟಂತೆ ಆಯಿತೇ ಹೊರತು ಕೆಲಸ ಗೊತ್ತಾಗಲಿಲ್ಲ. "ಬೆಳಿಗ್ಗೆ 10 ಗಂಟೆಗೆ ಲಾಗ್ ತೆಗೆದು ಇಂದು ರಾತ್ರಿ 10:40ರ ಟೈಮ್‌ಔಟ್ ಹುಡುಕುವುದು, ಕನೆಕ್ಷನ್ ಮಿತಿ ಎಷ್ಟಿದೆ ನೋಡುವುದು, ಅಲ್ಲೂ ಸಿಗದಿದ್ದರೆ 11ಕ್ಕೆ ಡೇಟಾಬೇಸ್ ತಂಡವನ್ನು ಕೇಳುವುದು" ಎಂದು ಬರೆಯಿರಿ. ಕಾಗದದ ಮೇಲೆ, ಪೆನ್ನಿನಲ್ಲಿ. ಪಟ್ಟಿಗೆಂದು ಲ್ಯಾಪ್‌ಟಾಪ್ ತೆರೆದರೆ ಇನ್‌ಬಾಕ್ಸ್ ಕರೆಯುತ್ತದೆ.

ಒಂದು ಮಿತಿ ಹೇಳಿಬಿಡುತ್ತೇನೆ. ಆ ಅಧ್ಯಯನ ಅಳೆದದ್ದು ನಿದ್ದೆ ಹತ್ತುವ ಸಮಯವನ್ನು, ಕನಸನ್ನಲ್ಲ. ಬೆಳಗಿನ ಜಾವದ ಮೇಲ್ ಕನಸು ಪಟ್ಟಿಯಿಂದ ನಿಲ್ಲುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ವಾರದಲ್ಲಿ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ಎಳೆದು, ಹಗಲಿನ ಕೆಲಸಕ್ಕೂ ತೊಂದರೆಯಾದರೆ ಅದನ್ನು ವೈದ್ಯರು ದೀರ್ಘಕಾಲದ ನಿದ್ರಾಹೀನತೆ ಎಂದು ನೋಡುತ್ತಾರೆ. ಅದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಸಿಬಿಟಿ-ಐ ಎಂಬ ಕೆಲವು ವಾರಗಳ ವರ್ತನಾ ಚಿಕಿತ್ಸೆ. ವೈದ್ಯರ ಹತ್ತಿರ ಹೋದಾಗ ಅದರ ಹೆಸರು ಹೇಳಿಯೇ ಕೇಳಿ.