ಒಂದೇ ತಪ್ಪು, ಇಬ್ಬರು ಡ್ರೈವರ್‌ಗಳು

ಮಂಡ್ಯ ಕಡೆಯ ಒಂದು ಹೈಸ್ಕೂಲಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ ಮಾತಾಡಿ ಅಂದಿದ್ದರು. ಬಿಸಿಲಲ್ಲಿ ನಿಂತ ಮಕ್ಕಳಿಗೆ ಉಪದೇಶ ಯಾಕೆ ಅಂತ ಕಬ್ಬಿನ ಟ್ರ್ಯಾಕ್ಟರ್ ವಿಷಯ ತೆಗೆದೆ.

ಕಟಾವಿನ ಕಾಲ. ಇಬ್ಬರು ಡ್ರೈವರ್‌ಗಳು ರಾತ್ರಿ ಫ್ಯಾಕ್ಟರಿಗೆ ಕಬ್ಬು ಹೊಡೆಯುತ್ತಿದ್ದಾರೆ ಅಂದುಕೊಳ್ಳಿ. ಇಬ್ಬರ ಟ್ರೇಲರಿಗೂ ಹಿಂದೆ ಲೈಟಿಲ್ಲ. ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ಸೋಗೆ ಅದನ್ನು ಮುಚ್ಚಿದೆ. ಇದು ಇಬ್ಬರಿಗೂ ಗೊತ್ತು. ಒಬ್ಬ ಫ್ಯಾಕ್ಟರಿ ಸೇರಿದ. ಇನ್ನೊಬ್ಬನ ಟ್ರೇಲರಿಗೆ ಹಿಂದಿನಿಂದ ಬೈಕ್ ಗುದ್ದಿ ಸವಾರ ಸತ್ತ. ಯಾರ ತಪ್ಪು ಜಾಸ್ತಿ? ‘ಎರಡನೆಯವನದು ಸರ್’ ಅಂತ ಇಡೀ ಸಾಲು ಕೂಗಿತು.

ಲೈಟ್ ಹಾಕಿಸದೆ ಹೊರಟಿದ್ದು ಇಬ್ಬರೂ ತಿಳಿದೇ ಮಾಡಿದ್ದು. ಆ ಹೊತ್ತಿಗೆ ಬೈಕ್ ಬಂದಿದ್ದು ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ನಮ್ಮನ್ನು ದೂರಬಾರದು ಅಂತ ಎಲ್ಲರೂ ಒಪ್ಪುತ್ತೇವೆ, ಆದರೂ ಹೀಗೆ ದೂರುತ್ತೇವೆ. ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ತತ್ವಶಾಸ್ತ್ರಜ್ಞರು 1976ರಲ್ಲಿ ಈ ತೊಡಕನ್ನು ‘ನೈತಿಕ ಅದೃಷ್ಟ’ ಎಂದು ಕರೆದು ಚರ್ಚಿಸಿದರು. ಅವರ ಚರ್ಚೆಯಲ್ಲೂ ಒಬ್ಬ ಲಾರಿ ಡ್ರೈವರ್ ಬರುತ್ತಾನೆ.

ಕಾನೂನೂ ಫಲ ನೋಡುತ್ತದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಪ್ರಾಣಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಗಾಡಿ ಓಡಿಸಿದರೆ 281ನೇ ಕಲಮಿನಡಿ ಹೆಚ್ಚೆಂದರೆ 6 ತಿಂಗಳು ಜೈಲು. ನಿರ್ಲಕ್ಷ್ಯದಿಂದ ಯಾರಾದರೂ ಸತ್ತರೆ 106(1)ರಡಿ 5 ವರ್ಷದವರೆಗೆ. ಮೊದಲನೆಯವನ ಮೇಲೆ ಕೇಸಾಗುವುದೇ ಅಪರೂಪ ಬಿಡಿ.

ಯಾಕೆ ಹೀಗೆ? ಸೋಗೆಯೊಳಗೆ ಮುಚ್ಚಿಹೋದ ರಿಫ್ಲೆಕ್ಟರ್ ಕಣ್ಣಿಗೆ ಬೀಳುವುದಿಲ್ಲ, ರಸ್ತೆ ಮೇಲಿನ ಹೆಣ ಬೀಳುತ್ತದೆ. 1988ರಲ್ಲಿ ಬ್ಯಾರನ್ ಮತ್ತು ಹರ್ಶಿ ಎಂಬ ಸಂಶೋಧಕರು, ಡಾಕ್ಟರು ಆಪರೇಷನ್ ಮಾಡಲು ತೆಗೆದುಕೊಂಡ ನಿರ್ಧಾರವನ್ನು ಜನರ ಮುಂದಿಟ್ಟರು. ಡಾಕ್ಟರಿಗೆ ಗೊತ್ತಿದ್ದ ವಿಷಯ, ಲೆಕ್ಕ ಎಲ್ಲ ಒಂದೇ. ರೋಗಿ ಬದುಕಿದ ಅಂದಾಗ ನಿರ್ಧಾರ ಚೆನ್ನಾಗಿದೆ ಅಂದರು, ಸತ್ತ ಅಂದಾಗ ಅದಕ್ಕೇ ಕಡಿಮೆ ಅಂಕ ಕೊಟ್ಟರು. ಗೆದ್ದೆತ್ತಿನ ಬಾಲ ಹಿಡಿಯುವುದು ನಮ್ಮೂರಿನವರ ಚಾಳಿ ಮಾತ್ರ ಅಲ್ಲ.

ನನಗೆ ಹೆಚ್ಚು ಭಯ ಮೊದಲನೆಯ ಡ್ರೈವರನದು. ಅವನನ್ನು ಯಾರೂ ಕೇಳಲಿಲ್ಲ. ‘ಇಷ್ಟು ವರ್ಷ ಏನಾಗಿದೆ?’ ಅಂತ ನಾಳೆಯೂ ಅದೇ ಟ್ರೇಲರ್ ಹೊರಡುತ್ತದೆ. ಊರಿನವರೂ ಅವನನ್ನು ಒಳ್ಳೆ ಡ್ರೈವರ್ ಅನ್ನುತ್ತಾರೆ. ತಪ್ಪು ಅಳೆಯಬೇಕಿದ್ದರೆ ಹೊರಡುವಾಗ ಅವನಿಗೆ ಏನು ಗೊತ್ತಿತ್ತು, ಏನು ಮಾಡಬಹುದಿತ್ತು ಅಂತ ನೋಡಬೇಕು ಅಂದೆ.

ಆಗ ಹಿಂದಿನ ಸಾಲಿನ ಒಬ್ಬ ಹುಡುಗಿ ಕೈ ಎತ್ತಿದಳು. ‘ಹಾಗಾದ್ರೆ ಸರ್, ಸತ್ತವರ ಮನೆಗೆ ಇಬ್ಬರೂ ಹೋಗಬೇಕಾ?’

ಇಲ್ಲಮ್ಮ ಅಂದೆ. ತಪ್ಪು ಇಬ್ಬರದೂ ಒಂದೇ ಆದರೂ ಆ ಮನೆಯವರಿಗೆ ಉತ್ತರ ಹೇಳಬೇಕಾದವನು ಎರಡನೆಯವನೇ. ಪರಿಹಾರ ಕೊಡುವುದು, ಅವರ ಮುಂದೆ ನಿಲ್ಲುವುದು ಅವನ ಪಾಲಿಗೆ ಬಂತು. ತನ್ನದೇನೂ ತಪ್ಪಿಲ್ಲದ ಡ್ರೈವರನೂ ಮಗು ಅಡ್ಡ ಬಂದು ಸತ್ತರೆ ಅಕ್ಕಪಕ್ಕದವರಂತೆ ಸುಮ್ನೆ ಮರುಗಿ ಎದ್ದು ಹೋಗುವುದಿಲ್ಲ ಎಂದು ವಿಲಿಯಮ್ಸ್ ಬರೆದದ್ದು ಇದೇ ಕಾರಣಕ್ಕೆ. ‘ಮತ್ತೆ ಮೊದಲನೆಯವನು?’ ಅಂದಳು. ಅವನಿಗೆ ಕಟಾವು ಶುರುವಾಗುವ ಮೊದಲೇ, ಯಾರೂ ಸಾಯದಿದ್ದಾಗಲೇ, ದಂಡ ಹಾಕಬೇಕು ಅಂದೆ.