ಡಿಪ್ಲೊಮಾ ಮಾಡಿದ್ರೆ ಒಂದು ವರ್ಷ ವೇಸ್ಟಾ?

"ಡಿಪ್ಲೊಮಾ ಮಾಡ್ಕೊಂಡು ಬಿಇಗೆ ಹೋದ್ರೆ ಒಂದು ವರ್ಷ ವೇಸ್ಟ್, ಪಿಯುಸಿ ಮಾಡಿ ಡೈರೆಕ್ಟಾಗಿ ಹೋಗೋದೇ ವಾಸಿ."

ಇದು ತಪ್ಪು. ಎಸ್‌ಎಸ್‌ಎಲ್‌ಸಿ ಆದ್ಮೇಲೆ ಡಿಪ್ಲೊಮಾ 3 ವರ್ಷ, ಆಮೇಲೆ ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ಬಿಇ ಮೂರನೇ ಸೆಮಿಸ್ಟರ್‌ಗೆ ಸೇರಿದ್ರೆ ಇನ್ನು 3, ಒಟ್ಟು 6. ಪಿಯುಸಿ 2, ಬಿಇ 4, ಅದೂ 6 ತಾನೆ. ಒಂದು ವರ್ಷ ಜಾಸ್ತಿ ಆಗೋದು ಪಿಯುಸಿ ಸೈನ್ಸ್ ಮುಗಿಸಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರೋರಿಗೆ, ಅವರಿಗೆ 2+2+3 ಅಂದ್ರೆ 7 ಆಗುತ್ತೆ, ಬಹುಶಃ ಈ ಮಾತು ಹುಟ್ಟಿದ್ದೂ ಅಲ್ಲಿಂದಾನೇ.

ದುಡ್ಡಿನ ವಿಷ್ಯಕ್ಕೆ ಬಂದ್ರೆ ಬಿಇ ಫೀಸು ನಾಲ್ಕು ವರ್ಷದ ಬದಲು ಮೂರೇ ವರ್ಷ ಕಟ್ಟೋದು, ಸರ್ಕಾರಿ ಪಾಲಿಟೆಕ್ನಿಕ್ ಆದ್ರೆ ಉಳಿತಾಯ ಚೆನ್ನಾಗೇ ಆಗುತ್ತೆ.

ನಿಜವಾದ ಕಷ್ಟ ಮ್ಯಾಥ್ಸ್‌ದು. ಪಿಯುಸಿಯಿಂದ ಬಂದೋರು ಬಿಇ ಮೊದಲ ವರ್ಷದಲ್ಲೇ ಕ್ಯಾಲ್ಕುಲಸ್ ಮುಗಿಸಿರ್ತಾರೆ, ಡಿಪ್ಲೊಮಾದೋರು ಎಷ್ಟೋ ಕಡೆ ಸೀದಾ ಮೂರನೇ ಸೆಮ್‌ನಲ್ಲಿ ಲ್ಯಾಪ್ಲಾಸ್, ಫೊರಿಯರ್ ಥರದ ಲೆಕ್ಕ ಎದುರಿಸ್ಬೇಕು, ಇಂಟಿಗ್ರೇಷನ್ ಬೈ ಪಾರ್ಟ್ಸ್ ಕೈಗೆ ಹತ್ತಿಲ್ಲ ಅಂದ್ರೆ ಲ್ಯಾಪ್ಲಾಸ್‌ನ ಮೊದಲ ಲೆಕ್ಕದಲ್ಲೇ ಸಿಕ್ಕಾಕೊಳ್ತಾರೆ. ಡಿಪ್ಲೊಮಾ ಮುಗಿದ ರಜೆಯಲ್ಲಿ ಅದನ್ನೇ ಹಿಡಿದು ಕೂತ್ಕೊಳ್ಳಿ.

ಕೆಲಸದ ಬಗ್ಗೆ: ಬಿಇ ಸರ್ಟಿಫಿಕೇಟ್ ಇಬ್ಬರದ್ದೂ ಒಂದೇ, ಎಷ್ಟೋ ಕಂಪನಿ ಫಾರ್ಮ್‌ನಲ್ಲಿ "ಪಿಯುಸಿ ಅಥವಾ ಡಿಪ್ಲೊಮಾ" ಅಂತಾನೇ ಇರುತ್ತೆ, ಆದ್ರೆ ಅಲ್ಲಿ ಪರ್ಸೆಂಟೇಜ್ ಕಟ್-ಆಫ್ ಇರೋದ್ರಿಂದ ಡಿಪ್ಲೊಮಾ ಮಾರ್ಕ್ಸ್ ಕಡೆಗಣಿಸ್ಬೇಡಿ. ಬಿಇ ಮಧ್ಯದಲ್ಲೇ ನಿಂತೋದ್ರೂ ಡಿಪ್ಲೊಮಾ ಇದ್ದೋರು ರೈಲ್ವೆ ಜೂನಿಯರ್ ಎಂಜಿನಿಯರ್ ಪರೀಕ್ಷೆ ಬರೀಬಹುದು, ಬರೀ ಪಿಯುಸಿ ಆದೋರಿಗೆ ಆ ದಾರಿ ಇಲ್ಲ.