ಇಪ್ಪತ್ತಾರನೇ ದಿನಕ್ಕೆ ಅತ್ತೆಗೆ ಸಿಕ್ಕ ಕಾಯಿಲೆಯ ಹೆಸರು

ನನ್ನ ಸೋದರತ್ತೆಯನ್ನು ಇಂದು ಬೆಳಿಗ್ಗೆ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಆಗಿನ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಾವ ತೀರಿಕೊಂಡು ಇಂದಿಗೆ ಇಪ್ಪತ್ತಾರು ದಿನ. ಪಾಂಡವಪುರದ ಹತ್ತಿರದ ಆ ಊರಿನಲ್ಲಿ ನಲವತ್ತೊಂದು ವರ್ಷ ಇಬ್ಬರೂ ಸೇರಿ ಆಲೆಮನೆ ನಡೆಸಿದವರು. ತಿಥಿ ಮುಗಿದ ಮೇಲೂ ಅತ್ತೆ ಸರಿಯಾಗಿ ಊಟ ಮಾಡುತ್ತಿಲ್ಲ, ರಾತ್ರಿ ಮಲಗುತ್ತಿಲ್ಲ ಎಂದು ಅವರ ಮಗ ಹೆದರಿದ್ದ. ಹತ್ತು ನಿಮಿಷದ ಪ್ರಶ್ನೆಗಳು ಮುಗಿಯುವಷ್ಟರಲ್ಲಿ ಚೀಟಿಯ ಮೇಲೆ 'ಖಿನ್ನತೆ' ಎಂದು ಬಿತ್ತು.

ಎಣಿಕೆ ತಪ್ಪಿರಲಿಲ್ಲ, ಅದೇ ನನ್ನ ಸಂಕಟ. ಅಮೆರಿಕದ ಮನೋವೈದ್ಯರ ಸಂಘ ಪ್ರಕಟಿಸುವ ಡಿಎಸ್‌ಎಂ ಎಂಬ ಕೈಪಿಡಿಯಲ್ಲಿ ಖಿನ್ನತೆಗೆ ಒಂಬತ್ತು ಲಕ್ಷಣಗಳಿವೆ. ಎರಡು ವಾರ ಅವುಗಳಲ್ಲಿ ಐದಾದರೂ ಇರಬೇಕು. ಆ ಐದರಲ್ಲಿ ಬೇಸರ ಅಥವಾ ನಿರಾಸಕ್ತಿ, ಎರಡರಲ್ಲಿ ಒಂದು ಇರಲೇಬೇಕು. ಜೊತೆಗೆ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಅಥವಾ ತೀವ್ರವಾಗಿ ನೋಯಿಸುವಷ್ಟು ಅದು ಬಲವಾಗಿರಬೇಕು. ಅತ್ತೆಗೆ ಬೇಸರವಿದೆ, ನಿದ್ದೆಯಿಲ್ಲ, ಹಸಿವಿಲ್ಲ, ಸುಸ್ತಿದೆ, ಹೇಳಿದ ಮಾತು ತಲೆಯಲ್ಲಿ ನಿಲ್ಲುವುದಿಲ್ಲ. ಐದಾಯಿತು. ನಾಲ್ಕಿದ್ದಿದ್ದರೆ ಅದೇ ಚೀಟಿಯಲ್ಲಿ ಆ ಹೆಸರು ಇರುತ್ತಿರಲಿಲ್ಲ. ನಾಲ್ಕಕ್ಕೂ ಐದಕ್ಕೂ ನಡುವೆ ಮನಸ್ಸಿನಲ್ಲಿ ಯಾವ ಬದುವೂ ಇಲ್ಲ. ಆ ಗೆರೆ ತಜ್ಞರು ಕುಳಿತು ಒಪ್ಪಿಕೊಂಡದ್ದು. ಐದೈದು ಲಕ್ಷಣಗಳಿರುವ ಇಬ್ಬರಲ್ಲಿ ಒಂದೇ ಒಂದು ಲಕ್ಷಣ ಸಮಾನವಾಗಿದ್ದು, ಉಳಿದ ನಾಲ್ಕೂ ಬೇರೆಬೇರೆ ಆಗಿರಬಹುದು. ಇಬ್ಬರಿಗೂ ಹೆಸರು ಒಂದೇ.

ಸಾವಿನ ದುಃಖದ ವಿಷಯದಲ್ಲಿ ಇದೇ ಕೈಪಿಡಿ ಮೊದಲು ಹೀಗಿರಲಿಲ್ಲ. 1994ರ ನಾಲ್ಕನೇ ಆವೃತ್ತಿ, ಪ್ರೀತಿಪಾತ್ರರು ಸತ್ತ ಎರಡು ತಿಂಗಳೊಳಗಿನ ಇಂಥ ಲಕ್ಷಣಗಳನ್ನು ಸಾಮಾನ್ಯವಾಗಿ ಖಿನ್ನತೆ ಎನ್ನಬಾರದು ಎಂದಿತ್ತು. 2013ರ ಐದನೇ ಆವೃತ್ತಿ ಆ ವಿನಾಯಿತಿಯನ್ನು ತೆಗೆದುಹಾಕಿತು. ಅತ್ತೆಯ ದುಃಖ ಅದೇ, ಬದಲಾದದ್ದು ಪುಸ್ತಕದ ಒಂದು ಸಾಲು.

ವಿನಾಯಿತಿ ತೆಗೆಯದಿದ್ದರೆ ದುಃಖದ ಮರೆಯಲ್ಲಿರುವ ನಿಜವಾದ ಖಿನ್ನತೆ ಕೈತಪ್ಪಿ ಹೋಗುತ್ತಿತ್ತು, ಜೀವಗಳು ಹೋಗುತ್ತಿದ್ದವು ಎನ್ನುವವರಿದ್ದಾರೆ. ಅವರ ಆತಂಕ ನಿಜ. ಆದರೆ ಹಳೆಯ ನಿಯಮದಲ್ಲೇ ಅದಕ್ಕೆ ದಾರಿಯಿತ್ತು. ಸಾಯುವ ಯೋಚನೆ, ತಾನು ಯಾವುದಕ್ಕೂ ಬಾರದವಳೆಂಬ ಭಾವ, ಭ್ರಮೆಗಳು, ಮೈಮನಸ್ಸಿನ ವಿಪರೀತ ಜಡತೆ, ದಿನದ ಬದುಕೇ ನಿಂತುಹೋಗುವಂಥ ಸ್ಥಿತಿ, ಇವು ಕಂಡರೆ ಎರಡು ತಿಂಗಳು ಕಾಯಬೇಕಿರಲಿಲ್ಲ. ಹೊಸ ಆವೃತ್ತಿಯೂ ದುಃಖಕ್ಕೂ ಖಿನ್ನತೆಗೂ ಇರುವ ವ್ಯತ್ಯಾಸವನ್ನು ಒಂದು ಅಡಿಟಿಪ್ಪಣಿಯಲ್ಲಿ ವಿವರಿಸುತ್ತದೆ. ದುಃಖ ಅಲೆಅಲೆಯಾಗಿ ಬರುತ್ತದೆ, ಸತ್ತವರ ನೆನಪಿನೊಂದಿಗೆ ಏರಿ ಇಳಿಯುತ್ತದೆ, ನಡುವೆ ನಗುವೂ ಇರುತ್ತದೆ, ತನ್ನ ಮೇಲಿನ ಗೌರವ ಉಳಿದಿರುತ್ತದೆ. ಖಿನ್ನತೆ ಬಿಡುವಿಲ್ಲದೆ ಕವಿದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಈ ಮಾತು ಅಡಿಟಿಪ್ಪಣಿಗೆ ಸರಿದಿದೆ, ಎಣಿಕೆ ಮೇಲೆ ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಎಂಬ ಕಾಯಿಲೆಗಳ ಪಟ್ಟಿಯ ಹನ್ನೊಂದನೇ ಆವೃತ್ತಿ ಇಲ್ಲಿ ಹೆಚ್ಚು ಎಚ್ಚರದಿಂದಿದೆ. ಸಾವಾದ ಮೇಲೆ ಒಂದು ತಿಂಗಳು ಅಥವಾ ಹೆಚ್ಚು ಕಾಲ ಬಿಡುವಿಲ್ಲದೆ ಲಕ್ಷಣಗಳು ಉಳಿದಿವೆಯೇ ಎಂದು ಅದು ನೋಡುತ್ತದೆ.

ಮನೆಗೆ ಬಂದು ನಾನು ಅತ್ತೆಯ ಪಕ್ಕ ಸುಮ್ಮನೆ ಕುಳಿತೆ. ಪಾಕ ಹದಕ್ಕೆ ಬಂದಿದೆಯೇ ಎಂದು ನೋಡಲು ಮಾವ ತಣ್ಣೀರಿಗೆ ಒಂದು ಹನಿ ಹಾಕಿ ಉಂಡೆಯಾಗುವುದನ್ನು ಕಾಯುತ್ತಿದ್ದುದನ್ನು ಹೇಳುತ್ತಾ ಅತ್ತೆ ನಕ್ಕರು. ನಗುತ್ತಿದ್ದಂತೆಯೇ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, "ಗಬ್ಬದ ಹಸು ಈ ವಾರ ಕರು ಹಾಕಬೇಕು, ಅದನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದು ಕೇಳಿದರು. ಯಾವ ಪ್ರಶ್ನೆಯಲ್ಲೂ ಈ ಹಸುವಿಗೆ ಜಾಗವಿರಲಿಲ್ಲ.

ಇಪ್ಪತ್ತಾರು ವರ್ಷ ಪದವಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿದವಳು ನಾನು. ಆ ಒಂಬತ್ತು ಲಕ್ಷಣಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಬಾಯಿಪಾಠ ಮಾಡಿ ಎಂದು ಮಕ್ಕಳಿಗೆ ಹೇಳಿದ್ದೇನೆ. ಯಾರ ಬದುಕಿನಲ್ಲಿ, ಯಾವುದರ ನಂತರ ಎಂದು ಮೊದಲು ಕೇಳಿ ಎಂಬುದನ್ನು ಅಷ್ಟೇ ಒತ್ತಿ ಹೇಳಲಿಲ್ಲ. ಆ ಕೊರಗು ಇಂದು ಕಾಡುತ್ತಿದೆ.

ಸಂಜೆಯ ಹೊತ್ತಿಗೇ ಚೀಟಿಯ ಹೆಸರು ಮನೆಯೊಳಗೆ ಬಂದು ಕುಳಿತಿತ್ತು. ಮಾವನ ಮೊಬೈಲ್ ಸಂಖ್ಯೆಯನ್ನು ನಿಲ್ಲಿಸಿಬಿಟ್ಟೆ ಎಂದು ಅತ್ತೆ ಮಗನ ಮೇಲೆ ರೇಗಿದರು. ಅವನು ನನ್ನ ಕಡೆ ತಿರುಗಿ, "ಇದು ಕಾಯಿಲೆ ಆಡಿಸುವ ಮಾತು ಅಕ್ಕ, ಮನಸ್ಸಿಗೆ ತೆಗೆದುಕೊಳ್ಳಬೇಡ" ಎಂದ. ಅಲ್ಲ ಕಣಪ್ಪ, ಅದು ನಿನ್ನ ತಾಯಿ ಆಡಿದ ಮಾತು.

ಮಾತ್ರೆಯನ್ನು ನಾವಾಗಿ ನಿಲ್ಲಿಸುವುದಿಲ್ಲ. ಮುಂದಿನ ವಾರ ವೈದ್ಯರ ಮುಂದೆ ಕುಳಿತು ಅತ್ತೆ ನಕ್ಕದ್ದನ್ನೂ ಹಸುವಿನ ವಿಷಯವನ್ನೂ ಹೇಳುತ್ತೇನೆ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿ ನೋಡಿ ಎಂದು ಕೋರುತ್ತೇನೆ. ಇಲ್ಲವೆಂದಾದರೆ, ಇನ್ನೊಂದು ತಿಂಗಳು ಗಮನಿಸಿದ ನಂತರವೇ ಆ ಹೆಸರನ್ನು ಬರೆಯಬಹುದಿತ್ತಲ್ಲವೇ ಎಂದೂ ಕೇಳುತ್ತೇನೆ.